‘ನಾರ್ಮಲ್’ ಎಂದಷ್ಟೇ ಬರೆದರೆ ಸಾಲದು

ನರ್ಸಿಂಗ್ ಮೊದಲ ವರ್ಷದಲ್ಲಿ ರೋಗಿಯನ್ನು ತಲೆಯಿಂದ ಪಾದದವರೆಗೆ ಪರೀಕ್ಷಿಸುವುದನ್ನು ಕಲಿಸುತ್ತಾರೆ. ತಲೆ, ಕಣ್ಣು, ಬಾಯಿ, ಕುತ್ತಿಗೆ, ಎದೆ, ಹೊಟ್ಟೆ, ಕೈಕಾಲು ಎಂದು ಕೆಳಗಿಳಿಯುತ್ತಾ ಹೋದರೆ ಯಾವ ಭಾಗವೂ ಬಿಟ್ಟುಹೋಗುವುದಿಲ್ಲ. ಸಾಮಾನ್ಯವಾಗಿ ಮೊದಲು ನೋಡಿ, ಮುಟ್ಟಿ, ಬೆರಳಿನಿಂದ ತಟ್ಟಿ, ಕೊನೆಗೆ ಸ್ಟೆತಸ್ಕೋಪ್ ಇಡುತ್ತಾರೆ.

ಹೊಟ್ಟೆಗೆ ಬಂದಾಗ ಮಾತ್ರ ಈ ಕ್ರಮ ಬದಲಾಗುತ್ತದೆ. ಒತ್ತಿದರೆ ಕರುಳಿನ ಚಲನೆ ಬದಲಾಗಿ ಸದ್ದು ಹೆಚ್ಚುಕಡಿಮೆ ಆಗಬಹುದು. ಆದ್ದರಿಂದ ನೋಡಿದ ಕೂಡಲೇ ಕೇಳಬೇಕು, ಆಮೇಲೆ ತಟ್ಟಬೇಕು, ಒತ್ತುವುದು ಕೊನೆಗೆ. ಕರುಳಿನ ಸದ್ದು ನಿಮಿಷಕ್ಕೆ ಸುಮಾರು 5ರಿಂದ 30 ಬಾರಿ ಕೇಳಿದರೆ ಸಹಜ. ಒಂದಷ್ಟು ಹೊತ್ತು ಕೇಳಿಸದಿದ್ದರೆ ‘ಸದ್ದಿಲ್ಲ’ ಎಂದು ಬರೆಯುವ ಆತುರ ಬೇಡ. ಪೂರ್ತಿ 5 ನಿಮಿಷ ಕಿವಿಗೊಡಿ. ನೋವೆಲ್ಲಿದೆ ಎಂದು ಮೊದಲೇ ಕೇಳಿ ಆ ಜಾಗವನ್ನು ಕೊನೆಗೆ ಮುಟ್ಟಿ. ಇಲ್ಲದಿದ್ದರೆ ರೋಗಿ ಹೊಟ್ಟೆ ಬಿಗಿಹಿಡಿದು, ಉಳಿದದ್ದು ತಿಳಿಯುವುದೇ ಇಲ್ಲ.

ಇನ್ನು ದಾಖಲೆ. ‘ಹೊಟ್ಟೆ ನಾರ್ಮಲ್’ ಎಂದು ಬರೆದರೆ ಏನು ನೋಡಿದಿರಿ, ಏನು ಬಿಟ್ಟಿರಿ ಎಂಬುದು ಓದುವವರಿಗೆ ಗೊತ್ತಾಗದು. ಹೀಗೆ ಬರೆಯಿರಿ: ‘ಬೆಳಿಗ್ಗೆ 9.10. ಹೊಟ್ಟೆ ಚಪ್ಪಟೆ, ಎರಡೂ ಬದಿ ಸಮ, ಗಾಯದ ಗುರುತಿಲ್ಲ. ನಾಲ್ಕೂ ಭಾಗಗಳಲ್ಲಿ ಕರುಳಿನ ಸದ್ದಿದೆ. ಮುಟ್ಟಿದರೆ ಮೆದು, ಗಡ್ಡೆ ಸಿಗಲಿಲ್ಲ, ನೋವಿಲ್ಲ ಎಂದರು.’ ಸಂಜೆ ಅದೇ ಹೊಟ್ಟೆ ಉಬ್ಬಿ ಗಟ್ಟಿಯಾದರೆ, ಆದ ಬದಲಾವಣೆಯನ್ನು ಮುಂದಿನ ಪಾಳಿಯವರು ಹೋಲಿಸಿ ಗುರುತಿಸುವುದು ಈ ಸಾಲುಗಳಿಂದಲೇ. ಪರೀಕ್ಷಿಸದ ಭಾಗವನ್ನು ಸಹಜವೆಂದು ಎಂದೂ ಬರೆಯಬೇಡಿ. ‘ಪರೀಕ್ಷಿಸಿಲ್ಲ’ ಎಂದೇ ಬರೆದು ಕಾರಣ ನಮೂದಿಸಿ.