ಕೆಲಸ ಬಿಟ್ಟರೆ ಲೀಸ್ ಕಾರಿನ ಲೆಕ್ಕ

ಕಂಪನಿ ಮೂಲಕ ಲೀಸ್‌ಗೆ ಪಡೆದ ಕಾರನ್ನು ಅವಧಿಗೆ ಮುಂಚೆ ಹಿಂದಿರುಗಿಸುವ ಪ್ರಸಂಗ ಹೆಚ್ಚಾಗಿ ಬರುವುದು ನೌಕರಿ ಬಿಡುವಾಗ. ರಾಜೀನಾಮೆ ಕೊಡುವ ಮೊದಲೇ ಒಪ್ಪಂದದ 'ಫೋರ್‌ಕ್ಲೋಷರ್' ಷರತ್ತನ್ನು ಓದಿ. ತಿಂಗಳಿಗೆ 25,000 ರೂಪಾಯಿ ಬಾಡಿಗೆ, 48 ತಿಂಗಳ ಅವಧಿ, 30 ತಿಂಗಳು ಮುಗಿದಿದೆ ಎಂದುಕೊಳ್ಳಿ. ದಂಡ ಮೂರು ತಿಂಗಳ ಬಾಡಿಗೆ ಎಂದಿದ್ದರೆ 75,000 ರೂಪಾಯಿ. ಉಳಿದ ಬಾಡಿಗೆಯ ಅರ್ಧ ಎಂದಿದ್ದರೆ 2.25 ಲಕ್ಷ. ಒಂದೇ ಸಾಲಿನಿಂದ ಇಷ್ಟು ಅಂತರ! ತೆರಿಗೆ ಸೇರಿದೆಯೇ ಎಂದೂ ಕೇಳಿ, ಅಂತಿಮ ಮೊತ್ತವನ್ನು ಬರಹದಲ್ಲಿ ಪಡೆಯಿರಿ. ಹೊಸ ಕಂಪನಿಗೆ ಲೀಸ್ ವರ್ಗಾಯಿಸಲು ಅಥವಾ ಕಾರನ್ನು ನೀವೇ ಕೊಳ್ಳಲು ಅವಕಾಶವಿದ್ದರೆ ಆ ಲೆಕ್ಕವನ್ನೂ ಹೋಲಿಸಿ.

ಜಗಳ ಹುಟ್ಟುವುದು ತಪಾಸಣೆಯಲ್ಲಿ. ಬಾಗಿಲ ಹಿಡಿಯ ಸುತ್ತಲಿನ ಉಗುರುಗೀರು ಸಾಮಾನ್ಯವಾಗಿ ಬಳಕೆಯ ಸವೆತ. ತಗ್ಗಾದ ಬಾಗಿಲು, ಬಿರುಕು ಬಿಟ್ಟ ಬಂಪರ್ ಹಾನಿ. ದೊಡ್ಡ ಪೆಟ್ಟಿದ್ದರೆ ವಿಮೆ ಜಾರಿಯಲ್ಲಿರುವಾಗಲೇ ರಿಪೇರಿ ಮಾಡಿಸಿ. ಕಾರು ತೊಳೆಸಿ, ಹಗಲು ಬೆಳಕಿನಲ್ಲಿ ನಾಲ್ಕೂ ಕಡೆಯ, ಟೈರುಗಳ, ಓಡಿದ ಕಿಲೋಮೀಟರಿನ ಫೋಟೋ ತೆಗೆಯಿರಿ. ತಪಾಸಣೆ ನಿಮ್ಮೆದುರೇ ನಡೆಯಲಿ. ಒಪ್ಪದ ಅಂಶವನ್ನು ವರದಿಯಲ್ಲೇ ಬರೆದು ಸಹಿ ಹಾಕಿ. ಖಾಲಿ ನಮೂನೆಗೆ ಸಹಿ ಬೇಡವೇ ಬೇಡ.

ದಂಡ ವಿಪರೀತವೆನಿಸಿದರೆ, 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಒಪ್ಪಂದದ ಮೊತ್ತವೇ ಗರಿಷ್ಠ ಮಿತಿ; ಅದರೊಳಗೆ ನ್ಯಾಯಾಲಯ ಕೊಡಿಸುವುದು ಸಮಂಜಸ ಪರಿಹಾರವನ್ನಷ್ಟೇ.