ಎಪಿಕ್ಯೂರಸ್‌ನ ವಾದ ಎಲ್ಲಿ ಗಟ್ಟಿ, ಎಲ್ಲಿ ಸಡಿಲ?

ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್ (ಕ್ರಿ.ಪೂ. 341–270) ಮೆನೋಸಿಯಸ್ ಎಂಬಾತನಿಗೆ ಬರೆದ ಪತ್ರವೊಂದು ಉಳಿದುಬಂದಿದೆ. ಸಾವಿಗೆ ಹೆದರಬೇಕಿಲ್ಲ ಎಂದು ಅದರಲ್ಲಿ ವಾದಿಸುತ್ತಾನೆ. ಓದಿದಾಗ ತಲೆದೂಗಬೇಕೆನಿಸುತ್ತದೆ. ಆದರೆ ತಲೆದೂಗುವ ಮೊದಲು ವಾದವನ್ನು ಬಿಚ್ಚಿ ನೋಡುವುದು ಒಳ್ಳೆಯದು.

ಬಿಚ್ಚುವಾಗ ಮೊದಲು ತೀರ್ಮಾನವನ್ನು ಹುಡುಕಬೇಕು. ಅದು ಕೊನೆಯಲ್ಲೇ ಇರಬೇಕೆಂದಿಲ್ಲ. ಇಲ್ಲಂತೂ ಮೊದಲೇ ಬಂದುಬಿಡುತ್ತದೆ. ಲೇಖಕ ಏನನ್ನು ಒಪ್ಪಿಸಲು ಹೊರಟಿದ್ದಾನೆ ಎಂದು ಕೇಳಿಕೊಂಡರೆ ಸಿಗುತ್ತದೆ: ಸಾವಿಗೆ ಹೆದರಲು ಕಾರಣವಿಲ್ಲ. ಯಾಕೆ ಎಂದು ಕೇಳಿದರೆ ಎರಡು ಆಧಾರವಾಕ್ಯಗಳು ಸಿಗುತ್ತವೆ. ಒಂದು, ಒಳಿತು ಕೆಡುಕುಗಳೆಲ್ಲ ಇರುವುದು ಅನುಭವದಲ್ಲಿ. ಎರಡು, ಸತ್ತವನಿಗೆ ಅನುಭವವಿಲ್ಲ.

ಇನ್ನು ಪರೀಕ್ಷೆ. ಆಧಾರವಾಕ್ಯಗಳೆರಡೂ ನಿಜವಾಗಿದ್ದು, ತೀರ್ಮಾನ ಮಾತ್ರ ಸುಳ್ಳಾಗುವ ಒಂದು ಸನ್ನಿವೇಶವನ್ನಾದರೂ ಕಲ್ಪಿಸಲು ಬರುತ್ತದೆಯೇ? ಬಂದರೆ ವಾದ ಸಿಂಧುವಲ್ಲ. ಆಧಾರವಾಕ್ಯಗಳು ನಿಜವಾಗಿಯೂ ನಿಜವೇ ಎಂಬ ಪ್ರಶ್ನೆ ಈಗ ಬೇಡ. ಈ ಎರಡನ್ನೂ ಒಟ್ಟಿಗೆ ಕಲಸಿಕೊಂಡರೆ ಚರ್ಚೆ ದಿಕ್ಕು ತಪ್ಪುತ್ತದೆ.

ಚಿಕ್ಕ ಮಕ್ಕಳಿರುವ ತಾಯಿಯೊಬ್ಬಳನ್ನು ನೆನೆಯಿರಿ. ಕೆಡುಕು ಇರುವುದು ಅನುಭವದಲ್ಲೇ ಎಂದು ಅವಳು ಒಪ್ಪುತ್ತಾಳೆ. ಸತ್ತಮೇಲೆ ತನಗೇನೂ ತಿಳಿಯದು ಎಂದೂ ಒಪ್ಪುತ್ತಾಳೆ. ಆದರೂ ತಾನು ಸತ್ತರೆ ಮಕ್ಕಳು ಪಡುವ ಪಾಡು ನೆನೆದು ಹೆದರುತ್ತಾಳೆ. ಆ ಪಾಡು ಅನುಭವವೇ ತಾನೆ? ಮಕ್ಕಳದು, ಅಷ್ಟೆ. ಆಧಾರವಾಕ್ಯಗಳು ಅಲುಗಲಿಲ್ಲ, ತೀರ್ಮಾನ ಮಾತ್ರ ಬಿತ್ತು.

ಇಲ್ಲಿಗೇ ಎಪಿಕ್ಯೂರಸ್‌ನನ್ನು ಸೋಲಿಸಿದೆವೆಂದು ಎದ್ದುಹೋಗುವುದು ಸೋಮಾರಿತನ. ಅವನು ಹೇಳದೆ ಬಿಟ್ಟದ್ದನ್ನು ತುಂಬಿ, ವಾದವನ್ನು ಅದರ ಅತ್ಯುತ್ತಮ ರೂಪದಲ್ಲಿ ನಿಲ್ಲಿಸಬೇಕು. ಮೊದಲ ವಾಕ್ಯವನ್ನು ಬಿಗಿಮಾಡೋಣ: ಒಬ್ಬನಿಗೆ ಕೆಡುಕಾಗುವುದು ಅವನೇ ಅನುಭವಿಸುವಂಥದ್ದರಿಂದ ಮಾತ್ರ. ತೀರ್ಮಾನವನ್ನೂ ಕಿರಿದು ಮಾಡೋಣ: ಸತ್ತಿರುವುದು ಸತ್ತವನಿಗೆ ಕೆಡುಕಲ್ಲ. ಈಗ ತಾಯಿಯ ಉದಾಹರಣೆ ತಾಗುವುದಿಲ್ಲ, ಬೇರೆ ಯಾವುದೂ ತಾಗದು. ವಾದ ಸಿಂಧುವಾಯಿತು. ಅದಕ್ಕೆ ತೆತ್ತ ಬೆಲೆಯೂ ಇದೆ: ಹೆದರಬೇಕಿಲ್ಲ ಎಂಬ ಮಾತು ತೀರ್ಮಾನದಿಂದ ಜಾರಿಹೋಗಿದೆ. ಸಾಯುವಾಗಿನ ನೋವಿನ ಬಗ್ಗೆಯೂ ಅದು ಏನನ್ನೂ ಹೇಳುವುದಿಲ್ಲ.

ಸಿಂಧುವಾದ ವಾದವನ್ನು ತಳ್ಳಿಹಾಕಬೇಕಾದರೆ ಒಂದು ಆಧಾರವಾಕ್ಯವನ್ನಾದರೂ ನಿರಾಕರಿಸಲೇಬೇಕು. ಅಮೆರಿಕದ ಥಾಮಸ್ ನೇಗೆಲ್ 1970ರ ಪ್ರಬಂಧವೊಂದರಲ್ಲಿ ಮಾಡಿದ್ದು ಅದನ್ನೇ. ಬೆನ್ನ ಹಿಂದೆ ದ್ರೋಹಕ್ಕೆ ಒಳಗಾದವನಿಗೆ ಅದು ಕೊನೆಯವರೆಗೂ ಗೊತ್ತಾಗದಿದ್ದರೆ, ಅವನಿಗೆ ಕೆಡುಕೇ ಆಗಲಿಲ್ಲವೇ? ಆಯಿತು ಎನ್ನುವುದಾದರೆ ನಿಮ್ಮ ಜಗಳ ಮೊದಲ ವಾಕ್ಯದೊಂದಿಗೆ. ಆಗಲಿಲ್ಲ ಎಂದು ಮೊದಲ ವಾಕ್ಯವನ್ನೇ ಒಪ್ಪಿಕೊಳ್ಳುವುದಾದರೆ, ಸತ್ತವನಿಗೆ ಅನುಭವವಿಲ್ಲ ಎಂದು ಒಪ್ಪುವವರೆಗೂ ಎಪಿಕ್ಯೂರಸ್‌ನ ತೀರ್ಮಾನವನ್ನು ನೀವು ಒಪ್ಪಲೇಬೇಕು.