ಮೂರು ಎಕರೆ ಜಮೀನು, ಐದು ವಾರಸುದಾರರು: ಶರಿಯತ್ ಲೆಕ್ಕ ಗುಂಟೆಯಲ್ಲಿ

ಮೊನ್ನೆ ಟಿನ್ ಫ್ಯಾಕ್ಟರಿಯಲ್ಲಿ ಹೊಸಕೋಟೆ ಬಸ್ಸಿಗೆ ಕಾಯ್ತಿದ್ದಾಗ, ನನ್ನ ಹತ್ರ ಎರೆಗೊಬ್ಬರ ಒಯ್ಯುವ ಗೆಳೆಯ ಸಿಕ್ಕಿದ. ಅವರಪ್ಪ ತೀರಿಕೊಂಡು ಎಂಟು ತಿಂಗಳು. ಮೂರು ಎಕರೆ ತೋಟದ ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇದೆ. "ಭಾಯ್, ಮನೇಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಸರಿಯಾಗಿ ಹಾಕಿಕೊಡು" ಅಂದ. ಟೀ ಅಂಗಡೀಲಿ ಕೂತು ಹಾಕಿದ ಲೆಕ್ಕ ಇದು.

ಅವರದು ಸುನ್ನಿ ಹನಫಿ ಕುಟುಂಬ. ಉಳಿದವರು ಹೆಂಡತಿ, ತೀರಿಕೊಂಡವರ ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಹಂಚೋ ಮೊದಲು ಅಂತ್ಯಕ್ರಿಯೆಯ ಖರ್ಚು, ಸಾಲ ತೀರಬೇಕು. ಹೆಂಡತಿಗೆ ಕೊಡದೆ ಉಳಿದ ಮೆಹರ್ ಕೂಡ ಸಾಲವೇ. ವಿಲ್ ಇದ್ದರೆ ಮಿಕ್ಕಿದ್ದರ ಮೂರನೇ ಒಂದು ಭಾಗದವರೆಗೆ ಮಾತ್ರ ನಡೆಯುತ್ತೆ. ಇವರಿಗೆ ಸಾಲವೂ ಇಲ್ಲ, ವಿಲ್ಲೂ ಇಲ್ಲ.

ಮೂರು ಎಕರೆ ಅಂದ್ರೆ 120 ಗುಂಟೆ. ಮಕ್ಕಳಿರುವುದರಿಂದ ಹೆಂಡತಿಗೆ ಎಂಟನೇ ಒಂದು, 15 ಗುಂಟೆ. ತಾಯಿಗೆ ಆರನೇ ಒಂದು, 20 ಗುಂಟೆ. ಉಳಿದ 85 ಗುಂಟೆ ಮಕ್ಕಳದು. ಮಗನಿಗೆ ಎರಡು ಪಾಲು, ಮಗಳಿಗೆ ಒಂದು, ಹಾಗಾಗಿ ಒಟ್ಟು ಐದು ಪಾಲು. ಒಂದು ಪಾಲಿಗೆ 17 ಗುಂಟೆ. ಮಗಳಿಗೆ 17, ಒಬ್ಬೊಬ್ಬ ಮಗನಿಗೆ 34.

ಅಣ್ಣ ಹಾಕಿದ್ದ ಲೆಕ್ಕದಲ್ಲಿ ಅಜ್ಜಿಗೆ ಹದಿನೇಳೂವರೆ ಗುಂಟೆ ಇತ್ತು. ಹೆಂಡತಿ ಪಾಲು ಕಳೆದು, ಉಳಿದ 105ರಲ್ಲಿ ಆರನೇ ಒಂದು ತೆಗೆದಿದ್ದ. ಅದು ತಪ್ಪು. ಎರಡು ಪಾಲನ್ನೂ ಪೂರ್ತಿ 120ರ ಮೇಲೇ ತೆಗೀಬೇಕು. ತಂಗಿ ಮದುವೆಗೆ ಖರ್ಚಾಗಿದೆ ಅಂತ ಅವಳ 17 ಗುಂಟೆ ಕಡಿಮೆ ಮಾಡುವ ಮಾತೂ ಬಂದಿತ್ತಂತೆ. ಅದಕ್ಕೂ ಆಧಾರ ಇಲ್ಲ. ಅವಳಿಗೆ ಬೇಡವಾದರೆ ಅವಳೇ ಬಿಟ್ಟುಕೊಡಬೇಕು, ಅದನ್ನೂ ರಿಜಿಸ್ಟರ್ಡ್ ಪತ್ರದಲ್ಲಿ.

ನನಗೆ ಹೆದರಿಕೆ ಆಗಿದ್ದು ಅಜ್ಜಿಯ 20 ಗುಂಟೆ ಬಗ್ಗೆ. ಮಗ ತೀರಿಕೊಂಡ ಗಳಿಗೆಯಲ್ಲೇ ಆ ಪಾಲು ಅವರದಾಯ್ತು, ಪಹಣಿ ಬದಲಾಗಲಿ ಬಿಡಲಿ. ಪೌತಿ ಖಾತೆ ಆಗುವ ಮೊದಲೇ ಅಜ್ಜಿ ಹೋದರೆ ಅದು ಅಜ್ಜಿಯ ವಾರಸುದಾರರಿಗೆ ಹೋಗುತ್ತೆ. ಗೆಳೆಯನ ಚಿಕ್ಕಪ್ಪ, ಅತ್ತೆ ಇಬ್ಬರೂ ಬದುಕಿದ್ದಾರೆ. ಆ 20 ಗುಂಟೆ ಅವರಿಬ್ಬರದೇ, ಎರಡಕ್ಕೆ ಒಂದರ ಲೆಕ್ಕದಲ್ಲಿ. ಅಜ್ಜಿಯ ಮಗ ಜೀವಂತ ಇರುವಾಗ, ಸತ್ತ ಮಗನ ಮಕ್ಕಳಿಗೆ ಹನಫಿ ನಿಯಮದಲ್ಲಿ ಅಜ್ಜಿಯ ಆಸ್ತಿಯಲ್ಲಿ ಪಾಲಿಲ್ಲ. ಅವರ ಕೊಳವೆಬಾವಿ ಇರೋದೂ ಅಜ್ಜಿಗೆ ಕೊಡಬೇಕು ಅಂದುಕೊಂಡ ಮೂಲೆಯಲ್ಲೇ! ಬಾವಿ ಇಲ್ಲದ ಕಡೆ ಕೊಡಿ, ನೀರಿನ ಹಕ್ಕು, ದಾರಿ ಎರಡನ್ನೂ ಪಾಲುಪತ್ರದಲ್ಲೇ ಬರೆಸಿ ಅಂದೆ.

ಇನ್ನೊಂದು ವಿಷಯ. 1937ರ ಶರಿಯತ್ ಕಾಯ್ದೆಯ 2ನೇ ಕಲಂ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ತಮಿಳುನಾಡು, ಕೇರಳ ಆಮೇಲೆ ತಿದ್ದುಪಡಿ ಮಾಡಿ ಸೇರಿಸಿಕೊಂಡವು. ಇವರ ಮನೇಲಿ ಎಲ್ಲರೂ ಶರಿಯತ್ ಪ್ರಕಾರವೇ ಆಗಲಿ ಅಂತ ಒಪ್ಪಿದ್ದಾರೆ, ಹಾಗಾಗಿ ತೊಂದರೆ ಇಲ್ಲ. ಯಾರಾದರೂ ತಕರಾರು ತೆಗೆದರೆ ಮಾತ್ರ ಜಮೀನು ಬೇರೆ, ಮನೆ-ಹಣ ಬೇರೆ ಅಂತ ಇಟ್ಟುಕೊಂಡು ಮೊದಲು ವಕೀಲರನ್ನು ಕಾಣಿ.

ಬಸ್ ಬಂತು. ಚೀಟಿ ಅವನ ಜೇಬಿಗೆ ಹೋಯ್ತು, ಈ ವಾರವೇ ಅಜ್ಜಿಯನ್ನೂ ತಂಗಿಯನ್ನೂ ಕರ್ಕೊಂಡು ನಾಡಕಚೇರಿಗೆ ಹೋಗ್ತೀನಿ ಅಂದ.